ಮಾಹಿತಿ ಕೊಡುತ್ತಿದ್ದಾರೋ, ಒಪ್ಪಿಸುತ್ತಿದ್ದಾರೋ? ಮಾತಿನ ಬಾಲ ನೋಡಿ

ಉಡುಪಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಒಂದು ಮಳೆಗಾಲ ಮೀನುಗಾರಿಕೆ ನಿಷೇಧದ ಬಗ್ಗೆ ಒಂದು ಅಂಕಣವನ್ನು ತರಗತಿಯಲ್ಲಿ ಓದಿಸಿ, "ಬರೆದವರ ಉದ್ದೇಶ ಏನು?" ಎಂದು ಕೇಳಿದೆ. ಹೆಚ್ಚಿನವರು "ಮಾಹಿತಿ ಕೊಡುವುದು" ಎಂದರು. ಅದರಲ್ಲಿ ತಾರೀಕು ಇತ್ತು, ದಿನಗಳ ಲೆಕ್ಕ ಇತ್ತು, ಹಾಗಾಗಿ ಅವರಿಗೆ ಅನುಮಾನವೇ ಬರಲಿಲ್ಲ. ಮಲ್ಪೆಯಿಂದ ಬರುವ ಒಬ್ಬ ಹುಡುಗಿ ಮಾತ್ರ, "ಇಲ್ಲ ಟೀಚರ್, ಇವರು ನಮ್ಮನ್ನು ಒಪ್ಪಿಸ್ಲಿಕ್ಕೆ ನೋಡ್ತಾ ಇದ್ದಾರೆ" ಎಂದಳು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ನಮ್ಮ ಅಪ್ಪ ದೋಣಿ ಮಾಲಕರ ಹತ್ರ ಮಾತಾಡುವಾಗ ಹೀಗೆಯೇ ಮಾತಾಡುವುದು" ಎಂದಳು.

ಅವಳು ಅಂಕಿ ನೋಡಲಿಲ್ಲ, ಮಾತಿನ ಧಾಟಿ ಕೇಳಿಸಿಕೊಂಡಳು. ಇದನ್ನು ಯಾರೂ ಅಭ್ಯಾಸ ಮಾಡಿಕೊಳ್ಳಬಹುದು. ಪರೀಕ್ಷೆಗೆ ಓದುವ ಮಕ್ಕಳಿಗೂ, ಬೆಳಗ್ಗೆ ಪೇಪರ್ ಹಿಡಿದು ಕೂರುವ ನಮಗೂ ಕ್ರಮ ಒಂದೇ.

ಮೊದಲು ಎರಡು ಪದಗಳನ್ನು ಬೇರೆ ಮಾಡಿಕೊಳ್ಳೋಣ. ಧಾಟಿ ಎಂದರೆ ಬರೆದವರು ಹೇಗೆ ಮಾತಾಡುತ್ತಿದ್ದಾರೆ ಎನ್ನುವುದು: ಸಿಟ್ಟಿನಲ್ಲೋ, ಮರುಕದಲ್ಲೋ, ತಣ್ಣಗೋ. ಉದ್ದೇಶ ಎಂದರೆ ಓದಿ ಮುಗಿಸಿದ ಮೇಲೆ ನಮ್ಮಿಂದ ಅವರಿಗೆ ಏನು ಬೇಕು ಎನ್ನುವುದು. ವಿಷಯ ತಿಳಿದರೆ ಸಾಕು ಎಂದಾದರೆ ಅದು ಮಾಹಿತಿ ಲೇಖನ. ನಾವು ತಲೆ ಆಡಿಸಬೇಕು, ಒಂದು ಪಕ್ಷಕ್ಕೆ ಸೇರಬೇಕು ಎಂದಾದರೆ ಅದು ಒಪ್ಪಿಸುವ ಲೇಖನ.

ಕ್ರಿಯಾಪದದ ಬಾಲ

ಕನ್ನಡದಲ್ಲಿ ಧಾಟಿ ಹೆಚ್ಚಾಗಿ ಪದದ ತುದಿಯಲ್ಲಿ ಕೂತಿರುತ್ತದೆ. ಈ ನಾಲ್ಕು ವಾಕ್ಯಗಳನ್ನು ಗಟ್ಟಿಯಾಗಿ ಓದಿ.

ಸರಕಾರ ಆದೇಶ ಹೊರಡಿಸಿತು.
ಸರಕಾರ ಆದೇಶ ಹೊರಡಿಸಿಬಿಟ್ಟಿತು.
ಸರಕಾರ ಕೊನೆಗೂ ಆದೇಶ ಹೊರಡಿಸಿತು.
ಸರಕಾರ ಆದೇಶವನ್ನೇನೋ ಹೊರಡಿಸಿತು.

ನಡೆದದ್ದು ಒಂದೇ. ಮೊದಲನೆಯದರಲ್ಲಿ ಬರೆದವರು ಕಾಣಿಸುವುದಿಲ್ಲ. ಎರಡನೆಯದರಲ್ಲಿ "ಬಿಟ್ಟಿತು" ಸೇರಿದ ಕೂಡಲೇ ಸರಕಾರ ಅವಸರ ಮಾಡಿತು, ಯಾರನ್ನೂ ಕೇಳಲಿಲ್ಲ ಎಂಬ ದೂರು ಬಂತು. ಮೂರನೆಯದರಲ್ಲಿ "ಕೊನೆಗೂ" ಎಂಬುದು ಇಷ್ಟು ದಿನ ಯಾಕೆ ತಡ ಎಂದು ಕೇಳುತ್ತದೆ. ನಾಲ್ಕನೆಯದು ಓದಿದರೆ ಮುಂದೆ "ಆದರೆ" ಬರುತ್ತದೆ ಎಂದು ಕಿವಿಗೆ ಆಗಲೇ ಗೊತ್ತಾಗುತ್ತದೆ, ಅಲ್ವಾ? ಆ "ಏನೋ" ಎಂಬ ಎರಡಕ್ಷರ ಆದೇಶದ ಬೆಲೆಯನ್ನೇ ಅರ್ಧ ಮಾಡಿತು.

ಹಾಗಾಗಿ ಪೆನ್ಸಿಲ್ ಹಿಡಿದು ಓದುವಾಗ ದೊಡ್ಡ ದೊಡ್ಡ ಪದಗಳ ಕೆಳಗೆ ಗೆರೆ ಎಳೆಯಬೇಡಿ. "ಏ", "ಊ", "ಅಂತೂ", "ಮಾತ್ರ", "ಬಿಡು", "ಹಾಕು", "ಅಲ್ಲವೇ" ಇಂಥ ಸಣ್ಣ ತುಂಡುಗಳ ಕೆಳಗೆ ಎಳೆಯಿರಿ.

ಒಂದು ತುಂಡನ್ನು ಬಿಡಿಸಿ ನೋಡೋಣ

ಅಭ್ಯಾಸಕ್ಕೆಂದು ನಾನೇ ಬರೆದ ತುಂಡು ಇದು. ಅಂಕಣದ ಧಾಟಿಯಲ್ಲಿದೆ.

"ಜೂನ್ 1 ಬಂತೆಂದರೆ ಮಲ್ಪೆ ಬಂದರಿನಲ್ಲಿ ಯಾಂತ್ರಿಕ ದೋಣಿಗಳು ಸಾಲಾಗಿ ನಿಲ್ಲುತ್ತವೆ. ಜುಲೈ 31ರ ತನಕ, ಅಂದರೆ ಪೂರ್ತಿ 61 ದಿನ, ಅವು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಎನ್ನುತ್ತಾರೆ. ಮೀನಿನ ಸಂತತಿ ಉಳಿಯಬೇಕು, ನಿಜ. ಆದರೆ ಬಲೆ ಎಳೆಯುವವನ ಮನೆಯ ಒಲೆಯೂ ಉರಿಯಬೇಕಲ್ಲವೇ? ದುಡಿಮೆಯ ದಾರಿಯನ್ನೇ ಮುಚ್ಚಿಬಿಟ್ಟ ಮೇಲೆ ಒಂದಿಷ್ಟು ಪರಿಹಾರ ಕೊಟ್ಟು ಕೈತೊಳೆದುಕೊಂಡರೆ ಸಾಲದು. ಎರಡು ತಿಂಗಳ ಖರ್ಚು ನಿಭಾಯಿಸುವಷ್ಟು ನೆರವು ಪ್ರತಿ ಕುಟುಂಬಕ್ಕೂ ಸಿಗಲೇಬೇಕು."

ಮೊದಲು ಕೊನೆಯ ವಾಕ್ಯಕ್ಕೆ ಹೋಗಿ. ನಾನು ಮಕ್ಕಳಿಗೆ ಯಾವಾಗಲೂ ಹೀಗೆಯೇ ಹೇಳುತ್ತೇನೆ: ಅಭಿಪ್ರಾಯ ಲೇಖನವನ್ನು ಒಮ್ಮೆ ಪೂರ್ತಿ ಓದಿ, ಮತ್ತೆ ಕೊನೆಯ ಪ್ಯಾರಾದಿಂದ ಹಿಂದಕ್ಕೆ ಬನ್ನಿ. ಇಲ್ಲಿ ಕೊನೆಗೆ "ಸಿಗಲೇಬೇಕು" ಇದೆ. ಅದು ಬೇಡಿಕೆ. ಈಗ ಅದನ್ನು ಕೈಯಿಂದ ಮುಚ್ಚಿ ಉಳಿದದ್ದನ್ನು ಓದಿ. ಲೇಖನ ನಡುದಾರಿಯಲ್ಲಿ ನಿಂತ ಹಾಗೆ ಆಗುತ್ತದೆ. ಮೇಲಿನ ಮಾತೆಲ್ಲ ಆ ಒಂದು ಬೇಡಿಕೆಗೆ ಹಾಕಿದ ಮೆಟ್ಟಿಲು. ಉದ್ದೇಶ ಒಪ್ಪಿಸುವುದೇ ಎಂದು ಇಲ್ಲಿಗೆ ಹೆಚ್ಚುಕಡಿಮೆ ಖಚಿತವಾಯಿತು.

ಆಮೇಲೆ ಬಾಲಗಳನ್ನು ನೋಡಿ. "ಪೂರ್ತಿ 61 ದಿನ" ಎಂಬಲ್ಲಿ 61 ಎಂಬುದು ಸಂಗತಿ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ನಿಷೇಧ ಇರುವುದೇ ಅಷ್ಟು ದಿನ. ಆದರೆ "ಪೂರ್ತಿ" ಎಂಬುದು ಬರೆದವರದ್ದು. ಆ ಒಂದು ಪದ ಅಂಕಿಯನ್ನು ಉದ್ದ ಮಾಡಿತು. "ಬರೀ 61 ದಿನ" ಎಂದು ಬರೆದಿದ್ದರೆ ಅದೇ ಅಂಕಿ ಚಿಕ್ಕದಾಗುತ್ತಿತ್ತು. ಅಂಕಿ ಇದ್ದ ಕೂಡಲೇ ಮಾಹಿತಿ ಎಂದುಕೊಳ್ಳಬಾರದು ಎನ್ನುವುದು ಇದಕ್ಕೇ. ಅಂಕಿಯ ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂದು ನೋಡಬೇಕು.

"ಮೀನು ಮೊಟ್ಟೆ ಇಡುವ ಕಾಲ ಎನ್ನುತ್ತಾರೆ." ಯಾರು ಎನ್ನುತ್ತಾರೆ? ಇಲಾಖೆಯೋ, ವಿಜ್ಞಾನಿಗಳೋ? ಹೆಸರಿಲ್ಲ. ಎದುರು ಪಕ್ಷದ ಕಾರಣವನ್ನು ಹೀಗೆ ಹೆಸರಿಲ್ಲದವರ ಬಾಯಿಗೆ ಹಾಕಿದರೆ ಅದು ಸುಮ್ನೆ ಒಂದು ಮಾತಿನ ಹಾಗೆ ಕೇಳುತ್ತದೆ. ಯಾರ ಮಾತು ಎನ್ನುವುದರ ಜೊತೆಗೆ ಅದನ್ನು ಯಾವ ಕ್ರಿಯಾಪದದಲ್ಲಿ ಹೇಳಿದ್ದಾರೆ ಎಂದೂ ನೋಡಿ. "ಹೇಳಿದರು", "ಒಪ್ಪಿಕೊಂಡರು", "ಸಮಜಾಯಿಷಿ ಕೊಟ್ಟರು" ಈ ಮೂರರಲ್ಲೂ ಯಾರೋ ಮಾತಾಡಿದ್ದಾರೆ. ಆದರೆ ಎರಡನೆಯದರಲ್ಲಿ ತಪ್ಪು ಮೊದಲೇ ಇತ್ತು ಎಂದಾಗುತ್ತದೆ, ಮೂರನೆಯದರಲ್ಲಿ ಕೊಟ್ಟ ಕಾರಣ ನಂಬುವಂಥದ್ದಲ್ಲ ಎಂದಾಗುತ್ತದೆ.

"ಉಳಿಯಬೇಕು, ನಿಜ. ಆದರೆ" ಎಂಬ ಜೋಡಣೆ ಒಪ್ಪಿಸುವ ಬರಹದ ಹಳೆಯ ಪರಿಚಯದ ಗುರುತು. ಎದುರು ಪಕ್ಷಕ್ಕೆ ಒಂದು ಚಿಕ್ಕ ವಾಕ್ಯ, ತಮ್ಮ ಪಕ್ಷಕ್ಕೆ ಮೂರು ಉದ್ದ ವಾಕ್ಯ. ಇದು ಮೋಸವಲ್ಲ. ಎದುರಿನ ಮಾತನ್ನು ಎತ್ತದೇ ಬಿಡುವವರಿಗಿಂತ ಇವರು ಮೇಲು ಎಂದೇ ನನ್ನ ಅಭಿಪ್ರಾಯ. "ಒಲೆಯೂ ಉರಿಯಬೇಕಲ್ಲವೇ?" ಎಂಬುದು ಉತ್ತರ ಕೇಳುವ ಪ್ರಶ್ನೆಯಲ್ಲ. "ಹೌದು" ಬಿಟ್ಟು ಬೇರೆ ಉತ್ತರಕ್ಕೆ ಅಲ್ಲಿ ಜಾಗ ಇಲ್ಲ. "ದಾರಿಯನ್ನೇ ಮುಚ್ಚಿಬಿಟ್ಟ" ಎಂಬಲ್ಲಿ "ಏ" ಮತ್ತು "ಬಿಟ್ಟ" ಎರಡೂ ಒಟ್ಟಿಗೆ ಬಂದು ಒತ್ತಡ ಹೆಚ್ಚಿತು.

ಹಾಗಾದರೆ ಧಾಟಿಗೆ ಏನು ಹೆಸರು ಕೊಡೋಣ? ಮಕ್ಕಳು ಥಟ್ಟನೆ "ಸಿಟ್ಟು" ಎನ್ನುತ್ತಾರೆ. ಸಿಟ್ಟು ಇದೆ, ಆದರೆ "ಕೈತೊಳೆದುಕೊಂಡರೆ" ಎಂಬ ಒಂದು ಕಡೆ ಮಾತ್ರ. ಉಳಿದದ್ದೆಲ್ಲ ಮರುಕದಿಂದ ಕೂಡಿದ ಒತ್ತಾಯ. ಧಾಟಿಯ ಹೆಸರು ಹೇಳುವಾಗ ಒಂದೇ ಪದಕ್ಕೆ ಜೋತು ಬೀಳದೆ, ಎರಡು ಪದ ಸೇರಿಸಿ ಹೇಳಿ. ಪ್ರತಿ ಪದಕ್ಕೂ ಲೇಖನದಿಂದ ಒಂದು ತುಂಡನ್ನು ಬೆರಳಿಟ್ಟು ತೋರಿಸಿ. ತೋರಿಸಲು ಆಗದಿದ್ದರೆ ಆ ಪದ ನಿಮ್ಮ ಮನಸ್ಸಿನಲ್ಲಿ ಇರುವುದು, ಲೇಖನದಲ್ಲಿ ಅಲ್ಲ.

ಇದೇ ವಿಷಯ ಮಾಹಿತಿಗೆಂದು ಬರೆದರೆ ಹೀಗಿರುತ್ತದೆ: "ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಸಾಂಪ್ರದಾಯಿಕ ನಾಡದೋಣಿಗಳಿಗೆ ವಿನಾಯಿತಿ ಇದೆ. ಪೂರ್ವ ಕರಾವಳಿಯಲ್ಲಿ ನಿಷೇಧದ ಅವಧಿ ಏಪ್ರಿಲ್ 15ರಿಂದ ಜೂನ್ 14. ಉಳಿತಾಯ ಮತ್ತು ಪರಿಹಾರ ಯೋಜನೆಗೆ ಸೇರಿದ ಮೀನುಗಾರರು ತಮ್ಮ ಪಾಲಿನ ಹಣ ಕಟ್ಟಬೇಕು. ಅದಕ್ಕೆ ಕೇಂದ್ರ ಮತ್ತು ರಾಜ್ಯ ಸರಕಾರಗಳು ತಮ್ಮ ಪಾಲು ಸೇರಿಸುತ್ತವೆ." ಇಲ್ಲಿ ಕೊನೆಯ ವಾಕ್ಯ ಮುಚ್ಚಿದರೂ ಮೇಲಿನದಕ್ಕೆ ಏನೂ ಆಗುವುದಿಲ್ಲ. ಒಂದು ಸಂಗತಿ ಕಡಿಮೆಯಾಗುತ್ತದೆ, ಅಷ್ಟೆ.

ಎರಡು "ಬೇಕು"

ಗಮನಿಸಿದಿರಾ? ಮಾಹಿತಿಯ ತುಂಡಿನಲ್ಲೂ ಒಂದು "ಬೇಕು" ಇದೆ. "ಹಣ ಕಟ್ಟಬೇಕು." "ಬೇಕು" ಕಂಡಲ್ಲೆಲ್ಲ ಒಪ್ಪಿಸುವ ಬರಹ ಎಂದು ಗುರುತು ಹಾಕುವ ಮಕ್ಕಳು ಇಲ್ಲಿ ಎಡವುತ್ತಾರೆ.

ಕಟ್ಟಬೇಕು ಎಂಬುದು ನಿಯಮ. ಬರೆದವರು ಇದನ್ನು ಒಪ್ಪಿದರೂ ಒಪ್ಪದಿದ್ದರೂ ನಿಯಮ ಹಾಗೆಯೇ ಇರುತ್ತದೆ. "ಪ್ರತಿ ಕುಟುಂಬಕ್ಕೂ ಸಿಗಲೇಬೇಕು" ಎಂಬುದು ಬಯಕೆ. ಅದಕ್ಕೆ "ಯಾಕೆ ಸಿಗಬೇಕು?" ಎಂದು ಎದುರು ಮಾತು ಆಡಬಹುದು. ಹಾಗಾಗಿ ಪ್ರತಿ "ಬೇಕು" ಎದುರು ಒಂದೇ ಪ್ರಶ್ನೆ ಕೇಳಿ: ತಿಳಿದವರು ಒಬ್ಬರು ಇದಕ್ಕೆ "ಬೇಡ" ಎನ್ನಬಹುದೇ? ಎನ್ನಬಹುದಾದರೆ ಅದು ಅಭಿಪ್ರಾಯ.

ಇದೇ ರೀತಿ ಎಡವುವ ಇನ್ನೊಂದು ಜಾಗ ಇದೆ. ಮಾಹಿತಿ ಲೇಖನದ ನಡುವೆ ಮೀನು ಮಾರುವ ಹೆಂಗಸೊಬ್ಬರ ಮಾತು ಬರುತ್ತದೆ: "ನಮ್ಮ ಕಷ್ಟ ಯಾರು ಕೇಳ್ತಾರೆ?" ಆ ನೋವು ಅವರದ್ದು, ಬರೆದವರದ್ದಲ್ಲ. ಉದ್ಧರಣ ಚಿಹ್ನೆಯ ಒಳಗಿನ ಮಾತನ್ನು ಬಿಟ್ಟು ಹೊರಗಿನ ವಾಕ್ಯಗಳನ್ನು ಮಾತ್ರ ಓದಿ ಧಾಟಿ ನೋಡಬೇಕು. ಆದರೆ ಒಂದೇ ಪಕ್ಷದವರ ಮಾತು ನಾಲ್ಕು ಸಲ ಬಂದು, ಇನ್ನೊಂದು ಪಕ್ಷದವರದ್ದು ಒಮ್ಮೆಯೂ ಬರದಿದ್ದರೆ ಆ ಆಯ್ಕೆ ಬರೆದವರದ್ದೇ.

ಬಾಲವೇ ಇಲ್ಲದಿದ್ದರೆ

ಅತಿ ಕಷ್ಟದ್ದು ಇದು. ನುರಿತ ಅಂಕಣಕಾರರು ದನಿ ಏರಿಸುವುದೇ ಇಲ್ಲ. ಇದನ್ನು ಓದಿ:

"ಜೂನ್ 1ರಂದು ದೋಣಿಗಳು ನಿಲ್ಲುತ್ತವೆ. ಬಲೆ ಎಳೆಯುವವರಿಗೆ ಕೆಲಸ ಇರುವುದಿಲ್ಲ. ಐಸ್ ಪ್ಲಾಂಟಿಗೆ ಬೇಡಿಕೆ ಕುಸಿಯುತ್ತದೆ. ಬಂದರಿನ ಧಕ್ಕೆಯಲ್ಲಿ ಬುಟ್ಟಿ ಹೊರುವವರು ಬೇರೆ ಕೂಲಿ ಹುಡುಕುತ್ತಾರೆ. ಮಾರುಕಟ್ಟೆಯಲ್ಲಿ ಬಂಗುಡೆಯ ರೇಟು ಏರುತ್ತದೆ."

"ಏ" ಇಲ್ಲ, "ಬಿಟ್ಟರು" ಇಲ್ಲ, "ಅಲ್ಲವೇ" ಇಲ್ಲ. ಒಂದೊಂದು ವಾಕ್ಯವನ್ನೂ ಪರೀಕ್ಷೆ ಮಾಡಿ ಸರಿ ಎನ್ನಬಹುದು. ಆದರೂ ಓದಿ ಮುಗಿಸಿದಾಗ ನಿಷೇಧ ಕೆಟ್ಟದ್ದು ಅನಿಸುತ್ತದೆ. ಇಲ್ಲಿ ಬಾಲ ಹುಡುಕಿ ಪ್ರಯೋಜನವಿಲ್ಲ, ಬಿಟ್ಟದ್ದನ್ನು ಹುಡುಕಬೇಕು.

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಲೇಖನದಲ್ಲಿರುವ ಸಂಗತಿಗಳನ್ನು ಬರೆಯಿರಿ. ಐದೂ ನಷ್ಟದ ಸಂಗತಿಗಳೇ. ಬಲಕ್ಕೆ, ಇದೇ ವಿಷಯದಲ್ಲಿ ನಿಮಗೆ ಗೊತ್ತಿರುವ ಬೇರೆ ಸಂಗತಿ ಬರೆಯಿರಿ. ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧ, ದೋಣಿಯಲ್ಲಿರುವವರ ಜೀವಕ್ಕೆ ಅಪಾಯ. ಹಲವು ಮೀನುಗಳು ಮರಿ ಮಾಡುವ ಸಮಯ. ನಾಡದೋಣಿಯವರಿಗೆ ಇದು ದುಡಿಮೆಯ ಕಾಲ. ಬಲಗಡೆ ಖಾಲಿ ಉಳಿದರೆ ಲೇಖನ ಸರಿ ಎಂದಲ್ಲ. ಅದೇ ವಿಷಯದ ಒಂದು ಸುದ್ದಿ ವರದಿ ಹುಡುಕಿ ಓದಿ, ಮತ್ತೆ ಹಾಳೆಗೆ ಬನ್ನಿ.

ಈ ಹಾಳೆಯನ್ನು ಬೋರ್ಡಿನ ಮೇಲೆ ಬರೆದ ದಿನ ಬಲಗಡೆ ತುಂಬಿಸಿದವಳು ಅದೇ ಮಲ್ಪೆಯ ಹುಡುಗಿ. ನಾಡದೋಣಿಯ ಸಂಗತಿ ನನಗೆ ಹೊಳೆದಿರಲಿಲ್ಲ, ಅವಳಿಗೆ ಗೊತ್ತಿತ್ತು. ಅವಳ ಮಾವನದ್ದು ನಾಡದೋಣಿ. ಅಪ್ಪ ನಿಷೇಧವನ್ನು ಬೈಯುವ ಎರಡು ತಿಂಗಳು, ಮಾವ ಬೆಳಗ್ಗೆ ಎದ್ದ ಕೂಡಲೇ ಕಡಲು ತಣ್ಣಗಿದೆಯಾ ಎಂದು ನೋಡುತ್ತಾನಂತೆ.