0.9 ಮಿಲಿಮೀಟರ್ ಬಿಲ್ಲೆಯ ಲೆಕ್ಕ: ಘನ ಎಲೆಕ್ಟ್ರೋಲೈಟ್ ಮಾಡಿ ನೋಡಿದ ಅನುಭವ

ಬ್ಯಾಟರಿಯೊಳಗೆ ಲಿಥಿಯಂ ಅಯಾನುಗಳನ್ನು ಸಾಗಿಸುವ ದ್ರವ ತೆಗೆದು, ಅದೇ ಕೆಲಸ ಮಾಡುವ ಘನ ಎಲೆಕ್ಟ್ರೋಲೈಟ್ ಹಾಕಿದರೆ ಅದರ ಶಕ್ತಿ ತಾನಾಗಿಯೇ ಹೆಚ್ಚುತ್ತದೆ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ತುಮಕೂರಿನ ನಮ್ಮ ಪ್ರಯೋಗಶಾಲೆಯಲ್ಲಿ ಗಾರ್ನೆಟ್ ಎಂಬ ಸೆರಾಮಿಕ್ ಎಲೆಕ್ಟ್ರೋಲೈಟಿನ ಬಿಲ್ಲೆ ಸುಟ್ಟು, ತಕ್ಕಡಿಗಿಟ್ಟು ಲೆಕ್ಕ ಹಾಕಿದಾಗ ಬಂದ ಉತ್ತರ ಬೇರೆ: ಕಿಲೋಗೆ ಸುಮಾರು 31 ವ್ಯಾಟ್-ಅವರ್. ಅಷ್ಟು ಶಕ್ತಿಯನ್ನು ಹಳೆಯ ಸೀಸ-ಆಮ್ಲದ ಬ್ಯಾಟರಿಯೂ ಕೊಡುತ್ತದೆ. ಹಾಗಾದರೆ ಎಲ್ಲರೂ ನಿರೀಕ್ಷಿಸುವ ಲಾಭ ಎಲ್ಲಿಂದ ಬರಬೇಕು? ಅದು ತಿಳಿಯಬೇಕಾದರೆ ಒಂದು ಚದರ ಸೆಂಟಿಮೀಟರ್ ಸೆಲ್‌ನಲ್ಲಿ ಏನೇನು ಎಷ್ಟೆಷ್ಟು ತೂಗುತ್ತದೆ ಎಂದು ನೋಡಬೇಕು.

ಈಗಿನ ದ್ರವ ಸೆಲ್‌ನಿಂದ ಶುರು ಮಾಡೋಣ. ಚದರ ಸೆಂಟಿಮೀಟರಿಗೆ 4 ಮಿಲಿಆಂಪಿಯರ್-ಅವರ್, ಅಂದರೆ 4 ಎಂಎಎಚ್ ಸಾಮರ್ಥ್ಯ ಬೇಕು ಎಂದಿಟ್ಟುಕೊಳ್ಳಿ. ಧನ ಧ್ರುವವಾದ ಕ್ಯಾಥೋಡಿನ ನಿಕಲ್ ಹೆಚ್ಚಿರುವ ಪುಡಿ ಗ್ರಾಂಗೆ 200 ಎಂಎಎಚ್ ಕೊಡುತ್ತದೆ. ಆದ್ದರಿಂದ ಪುಡಿ 20 ಮಿಲಿಗ್ರಾಂ, ಅಂಟು ಮತ್ತು ಕಾರ್ಬನ್ ಸೇರಿ 21. ಎದುರಿನ ಋಣ ಧ್ರುವದಲ್ಲಿ ಗ್ರಾಫೈಟ್ 13 ಮಿಲಿಗ್ರಾಂ. ತಾಮ್ರ ಮತ್ತು ಅಲ್ಯೂಮಿನಿಯಂ ಹಾಳೆಗಳು ಎರಡೂ ಮಗ್ಗುಲಿಗೆ ಹಂಚಿಕೆಯಾಗುವುದರಿಂದ ನಮ್ಮ ಪಾಲಿಗೆ ಅರ್ಧರ್ಧ, ಒಟ್ಟು 5 ಮಿಲಿಗ್ರಾಂ ಚಿಲ್ಲರೆ. ಎರಡು ಧ್ರುವಗಳು ತಾಗದಂತೆ ತಡೆಯುವ ಸೆಪರೇಟರ್ ಹಾಳೆ 1, ದ್ರವ ಎಲೆಕ್ಟ್ರೋಲೈಟ್ 8. ಎಲ್ಲ ಕೂಡಿದರೆ 48 ಮಿಲಿಗ್ರಾಂ. ಸರಾಸರಿ 3.7 ವೋಲ್ಟ್ ಹಿಡಿದರೆ ಹೊರಕವಚ ಬಿಟ್ಟು ಕಿಲೋಗೆ 305 ವ್ಯಾಟ್-ಅವರ್ ಆಸುಪಾಸು.

ಈ ಪಟ್ಟಿಯಲ್ಲಿ ತೆಗೆದುಹಾಕಬಹುದಾದ ದೊಡ್ಡ ಭಾರ ದ್ರವವಲ್ಲ, ಗ್ರಾಫೈಟ್. ಗ್ರಾಫೈಟ್ ಬರೀ ಉಗ್ರಾಣದ ಕೆಲಸ ಮಾಡುತ್ತದೆ. ಒಂದು ಲಿಥಿಯಂ ಇಟ್ಟುಕೊಳ್ಳಲು ಆರು ಕಾರ್ಬನ್ ಬೇಕು, ಹಾಗಾಗಿ ಗ್ರಾಂಗೆ 372 ಎಂಎಎಚ್‌ಗಿಂತ ಮೇಲೆ ಹೋಗುವುದಿಲ್ಲ. ಉಗ್ರಾಣವೇ ಬೇಡ, ಲಿಥಿಯಂ ಲೋಹವನ್ನೇ ನೇರವಾಗಿ ತಾಮ್ರದ ಮೇಲೆ ಕೂರಿಸೋಣ ಎಂದರೆ ಗ್ರಾಂಗೆ 3,860 ಎಂಎಎಚ್. ಆದರೆ ದ್ರವದೊಳಗೆ ಲಿಥಿಯಂ ಲೋಹ ಸಪಾಟಾಗಿ ಕೂರುವುದಿಲ್ಲ. ಪಾಚಿಯಂತೆ ಸಡಿಲವಾಗಿ ಬೆಳೆಯುತ್ತದೆ, ಪ್ರತಿ ಚಾರ್ಜಿಗೂ ದ್ರವವನ್ನು ತಿನ್ನುತ್ತದೆ, ಒಂದು ದಿನ ಸೆಪರೇಟರ್ ದಾಟಿ ಶಾರ್ಟ್ ಮಾಡುತ್ತದೆ. ಘನ ಎಲೆಕ್ಟ್ರೋಲೈಟ್ ಮೇಲಿನ ಆಸೆಯೆಲ್ಲ ಇಲ್ಲೇ ಇದೆ. ಶಕ್ತಿ ಹೆಚ್ಚುವುದು ಲಿಥಿಯಂ ಲೋಹದಿಂದ. ಆ ಲೋಹವನ್ನು ಬಳಸಲು ದಾರಿ ಬಿಡುವುದಷ್ಟೇ ಘನದ ಕೆಲಸ.

ನಾವು ಮಾಡಿದ ಗಾರ್ನೆಟ್‌ನ ಸೂತ್ರ Li6.4La3Zr1.4Ta0.6O12. ಈ ಗಾರ್ನೆಟ್ ಕುಟುಂಬದ ಮೂಲ ವಸ್ತುವನ್ನು 2007ರಲ್ಲಿ ಮುರುಗನ್, ತಂಗದುರೈ, ವೆಪ್ನರ್ ಮೂವರು ಪ್ರಕಟಿಸಿದರು. 0.01 ಮೋಲ್‌ಗೆ, ಅಂದರೆ ಸುಮಾರು 8.9 ಗ್ರಾಂ ಪುಡಿಗೆ, ನಮ್ಮ ಅಳತೆ ಹೀಗಿತ್ತು: ಲ್ಯಾಂಥನಮ್ ಆಕ್ಸೈಡ್ 4.887 ಗ್ರಾಂ, ಜಿರ್ಕೋನಿಯಂ ಆಕ್ಸೈಡ್ 1.725, ಟ್ಯಾಂಟಲಮ್ ಆಕ್ಸೈಡ್ 1.326, ನೀರಿನಂಶವಿರುವ ಲಿಥಿಯಂ ಹೈಡ್ರಾಕ್ಸೈಡ್ 2.954. ಕೊನೆಯದರಲ್ಲಿ ಶೇ 10 ಹೆಚ್ಚುವರಿ ಸೇರಿದೆ, ಏಕೆಂದರೆ 1,100 ಡಿಗ್ರಿ ದಾಟಿದ ಮೇಲೆ ಲಿಥಿಯಂ ಆವಿಯಾಗಿ ಹೋಗುತ್ತದೆ. ಲ್ಯಾಂಥನಮ್ ಆಕ್ಸೈಡನ್ನು ಡಬ್ಬಿಯಿಂದ ನೇರ ತೂಗಬಾರದು. ಅದು ಗಾಳಿಯ ತೇವ ಹೀರಿಕೊಂಡು ಅರ್ಧಂಬರ್ಧ ಹೈಡ್ರಾಕ್ಸೈಡ್ ಆಗಿರುತ್ತದೆ, ತೂಕ ಸುಳ್ಳು ಹೇಳುತ್ತದೆ. 900 ಡಿಗ್ರಿಯಲ್ಲಿ ಒಂದು ರಾತ್ರಿ ಕಾಯಿಸಿ, ಬಿಸಿಯಿರುವಾಗಲೇ ಡೆಸಿಕೇಟರ್‌ಗೆ ಹಾಕಿ, ಆಮೇಲೆ ತೂಗಬೇಕು.

ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಜಿರ್ಕೋನಿಯಾ ಗುಂಡುಗಳ ಜೊತೆ ಅರೆದು, ಒಣಗಿಸಿ, 900 ಡಿಗ್ರಿಯಲ್ಲಿ ಮೊದಲ ಸುಡುವಿಕೆ. ಮತ್ತೆ ಅರೆದು 12 ಮಿಲಿಮೀಟರ್ ಅಚ್ಚಿನಲ್ಲಿ ಮೂರು ಟನ್ ಒತ್ತಡಕ್ಕೆ ಬಿಲ್ಲೆ ಒತ್ತಿ, 1,150 ಡಿಗ್ರಿಯಲ್ಲಿ ಆರು ಗಂಟೆ. ಬಿಲ್ಲೆಯನ್ನು ಅದೇ ಪುಡಿಯಲ್ಲಿ ಹೂತು, ಮೆಗ್ನೀಷಿಯಾ ಮೂಸೆಯಲ್ಲಿ ಮುಚ್ಚಳ ಹಾಕಿ ಇಡಬೇಕು. ಅಲ್ಯೂಮಿನಾ ಮೂಸೆ ಬಳಸಿದರೆ ಅದರ ಅಲ್ಯೂಮಿನಿಯಂ ಬಿಲ್ಲೆಗೆ ಹತ್ತುತ್ತದೆ, ಮೂಸೆಯೂ ಹಾಳು. ನಡುವೆ ಕರೆಂಟ್ ಹೋದರೆ ಆ ಸಲದ ಬಿಲ್ಲೆಗಳನ್ನು ಬಿಟ್ಟುಬಿಡುವುದೇ ಲೇಸು. ಎರಡನೇ ಸಲ ಬಿಸಿ ಮಾಡಿದಾಗ ಲಿಥಿಯಂ ಇನ್ನಷ್ಟು ಹೋಗಿ, ಅಂಚು ಸುಣ್ಣದಂತೆ ಉದುರುತ್ತದೆ, ಎಕ್ಸ್‌ರೇ ಡಿಫ್ರಾಕ್ಷನ್‌ನಲ್ಲಿ 28.6 ಡಿಗ್ರಿ ಹತ್ತಿರ ಒಂದು ಅನಗತ್ಯ ಶಿಖರ ಏಳುತ್ತದೆ. ಅದು ಲಿಥಿಯಂ ಕಳೆದುಕೊಂಡು ಉಳಿದ La2Zr2O7.

ಸರಿಯಾಗಿ ಬೆಂದ ಬಿಲ್ಲೆಯ ಅಡ್ಡಳತೆ 10.4 ಮಿಲಿಮೀಟರಿಗೆ ಇಳಿದಿತ್ತು, ಉಜ್ಜಿದ ಮೇಲೆ ದಪ್ಪ 0.9, ತೂಕ 0.39 ಗ್ರಾಂ. ಸಾಂದ್ರತೆ 5.1, ಅಂದರೆ ರಂಧ್ರವೇ ಇಲ್ಲದ ವಸ್ತುವಿನ ಶೇ 93. ಇಂಪಿಡೆನ್ಸ್, ಅಂದರೆ ಅಯಾನು ಹರಿವಿಗೆ ಬಿಲ್ಲೆ ಒಡ್ಡುವ ಅಡ್ಡಿಯ ಅಳತೆಯಲ್ಲಿ 212 ಓಮ್ ಬಂತು. ವಾಹಕತೆ ಲೆಕ್ಕ ಹಾಕಿದರೆ ಸೆಂಟಿಮೀಟರಿಗೆ 0.5 ಮಿಲಿಸೀಮೆನ್ಸ್. ದ್ರವ ಎಲೆಕ್ಟ್ರೋಲೈಟ್‌ನಲ್ಲಿ ಇದು ಹತ್ತರ ಆಸುಪಾಸು ಇರುತ್ತದೆ. ಇಪ್ಪತ್ತು ಪಟ್ಟು ಕಡಿಮೆ ಎಂದು ಕೈಚೆಲ್ಲಬೇಕಾಗಿಲ್ಲ, ತೆಳುವಾದರೆ ಸಾಕು ಎಂಬುದು ಈಗ ಕಾಣುತ್ತದೆ.

ಈ ಬಿಲ್ಲೆಯನ್ನೇ ಮೇಲಿನ ಸೆಲ್‌ನೊಳಗೆ ಇಟ್ಟಂತೆ ಲೆಕ್ಕ ಹಾಕಿ. ಕ್ಯಾಥೋಡ್ 21 ಮಿಲಿಗ್ರಾಂ, ಅದರೊಳಗೆ ಅಯಾನು ಹರಿಯಲು ಬೆರೆಸಬೇಕಾದ ಗಾರ್ನೆಟ್ 10, ಹಾಳೆಗಳು 5, ಹೆಚ್ಚುವರಿ ಲಿಥಿಯಂ ಅರ್ಧ ಮಿಲಿಗ್ರಾಂ. ಬಿಲ್ಲೆ ಮಾತ್ರ 459 ಮಿಲಿಗ್ರಾಂ! ಗ್ರಾಫೈಟ್ ಬದಲು ಲಿಥಿಯಂ ಲೋಹ ಇರುವುದರಿಂದ ಸರಾಸರಿ 3.8 ವೋಲ್ಟ್ ಹಿಡಿದೆವು; ಮೊದಲು ಹೇಳಿದ 31 ವ್ಯಾಟ್-ಅವರ್ ಬಂದದ್ದು ಹೀಗೆ. ಸಾಲದ್ದಕ್ಕೆ 0.9 ಮಿಲಿಮೀಟರ್ ದಾಟಲು ಚದರ ಸೆಂಟಿಮೀಟರಿಗೆ 180 ಓಮ್ ಅಡ್ಡಿ. ಒಂದು ಗಂಟೆಯಲ್ಲಿ ಚಾರ್ಜ್ ಮಾಡಲು 4 ಮಿಲಿಆಂಪಿಯರ್ ಹರಿಸಿದರೆ 0.72 ವೋಲ್ಟ್ ಅಲ್ಲೇ ನಷ್ಟ.

ದಪ್ಪವನ್ನು 20 ಮೈಕ್ರಾನ್‌ಗೆ ಇಳಿಸಿದರೆ ಅಡ್ಡಿ 4 ಓಮ್‌ಗೆ, ನಷ್ಟ 16 ಮಿಲಿವೋಲ್ಟ್‌ಗೆ ಇಳಿಯುತ್ತದೆ. ರಂಧ್ರವಿಲ್ಲದ ಪದರ ಎಂದು ಹಿಡಿದರೆ ಬಿಲ್ಲೆಯ ಪಾಲು 11 ಮಿಲಿಗ್ರಾಂ, ಒಟ್ಟು 48, ಶಕ್ತಿ ಕಿಲೋಗೆ 320 ಹತ್ತಿರ. ಅಂದರೆ ಇಷ್ಟೆಲ್ಲ ಮಾಡಿ ತೂಕದಲ್ಲಿ ಶೇ ನಾಲ್ಕೋ ಐದೋ ಲಾಭ. ಗ್ರಾಫೈಟ್ ತೆಗೆದು ಉಳಿಸಿದ್ದನ್ನು ಭಾರದ ಗಾರ್ನೆಟ್ ನುಂಗಿಬಿಟ್ಟಿತು. ಆದರೆ ಜಾಗದ ಲೆಕ್ಕ ಬೇರೆ. ದ್ರವ ಸೆಲ್‌ನ ಪದರಗಳೆಲ್ಲ ಸೇರಿ 165 ಮೈಕ್ರಾನ್, ಅದರಲ್ಲಿ ಗ್ರಾಫೈಟ್ ಒಂದೇ 81. ಘನ ಸೆಲ್ ಪೂರ್ತಿ ಚಾರ್ಜ್ ಆದಾಗ ಲಿಥಿಯಂ ಪದರ 29, ಒಟ್ಟು 123. ಲೀಟರಿಗೆ ಸುಮಾರು 900 ಇದ್ದದ್ದು 1,230 ವ್ಯಾಟ್-ಅವರ್ ಆಗುತ್ತದೆ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ತೂಕದಲ್ಲೂ ಲಾಭ ಬೇಕಿದ್ದರೆ ಗಂಧಕ ಇರುವ, ಹಗುರವಾದ ಸಲ್ಫೈಡ್ ಎಲೆಕ್ಟ್ರೋಲೈಟ್ ಬೇಕು. ಅದರ ಸಾಂದ್ರತೆ 1.9 ಹಿಡಿದು ಇದೇ ಲೆಕ್ಕ ಮಾಡಿದರೆ ಕಿಲೋಗೆ 450ರ ಹತ್ತಿರ ಬರುತ್ತದೆ. ಆದರೆ ಸಲ್ಫೈಡ್‌ಗೆ ತೇವ ತಾಗಿದರೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬರುತ್ತದೆ, ಅದು ವಿಷ. ಇವೆಲ್ಲ ಪದರಗಳ ಲೆಕ್ಕ ಎಂಬುದು ನೆನಪಿರಲಿ. ಸೆಲ್‌ಗೆ ಒತ್ತಡ ಕೊಡುವ ಲೋಹದ ತಟ್ಟೆ, ಬೋಲ್ಟುಗಳ ತೂಕ ಸೇರಿಲ್ಲ. ಪಾವಗಡದ ಸೋಲಾರ್ ಪಾರ್ಕ್‌ನಂಥ ಕಡೆ ನೆಲದ ಮೇಲೆ ಇಡುವ ಬ್ಯಾಟರಿಗೆ ಈ ತಲೆನೋವು ಯಾಕೆ ಬೇಕು? ಕಾರಿಗೆ, ಸ್ಕೂಟರಿಗೆ ಮಾತ್ರ ಇದು ಅರ್ಥಪೂರ್ಣ.

ಲಿಥಿಯಂ ಹಚ್ಚುವುದು ಇನ್ನೊಂದು ಅಧ್ಯಾಯ. ಮಳೆಗಾಲದಲ್ಲಿ ಬಿಲ್ಲೆಯನ್ನು ಒಂದೆರಡು ದಿನ ಹೊರಗಿಟ್ಟರೂ ಮೇಲ್ಮೈಯಲ್ಲಿ ಲಿಥಿಯಂ ಕಾರ್ಬೊನೇಟ್ ಪೊರೆ ಕಟ್ಟುತ್ತದೆ. ಕರಗಿದ ಲಿಥಿಯಂ ಅದರ ಮೇಲೆ ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳುತ್ತದೆ, ಅಂಟುವುದಿಲ್ಲ. ಗಾಳಿ, ತೇವ ತಾಗದ ಗ್ಲೋವ್ ಬಾಕ್ಸ್ ಒಳಗೆ ಒಣದಾಗಿ ಉಜ್ಜಿ, ಆರ್ಗಾನ್‌ನಲ್ಲಿ 400 ಡಿಗ್ರಿಗೆ ಮೂರು ಗಂಟೆ ಕಾಯಿಸಿದ ಮೇಲೆ ಪೊರೆ ಹೋಗಿ, 175 ಡಿಗ್ರಿಯಲ್ಲಿ ಒತ್ತಿದ ಲಿಥಿಯಂ ಹಿಡಿಯಿತು. ಎರಡೂ ಕಡೆ ಲಿಥಿಯಂ ಹಚ್ಚಿದ ಬಿಲ್ಲೆಗೆ ಚದರ ಸೆಂಟಿಮೀಟರಿಗೆ 0.05 ಮಿಲಿಆಂಪಿಯರ್‌ನಿಂದ ಶುರುಮಾಡಿ ಹಂತಹಂತವಾಗಿ ಕರೆಂಟ್ ಏರಿಸಬೇಕು. ಅಡ್ಡಿ ಅಷ್ಟೇ ಇದ್ದರೆ ಕರೆಂಟ್ ಏರಿದಷ್ಟೂ ವೋಲ್ಟೇಜ್ ಏರಬೇಕು. ನಮ್ಮ ಬಿಲ್ಲೆಗಳಲ್ಲಿ 0.3ರಿಂದ 0.4ರ ನಡುವೆ ಅದು ಥಟ್ಟನೆ ಕೆಲವೇ ಮಿಲಿವೋಲ್ಟ್‌ಗೆ ಬಿತ್ತು. ಅದೇ ಶಾರ್ಟ್. ಇದಕ್ಕಿಂತ ಮೋಸದ್ದು ನಿಧಾನವಾದ ಶಾರ್ಟ್: ವೋಲ್ಟೇಜ್ ದಿನೇದಿನೇ ಮೆಲ್ಲಗೆ ಇಳಿಯುತ್ತದೆ, ಸೆಲ್ ಸುಧಾರಿಸುತ್ತಿದೆ ಎಂದು ಹಿಗ್ಗುತ್ತೇವೆ. ಇಂಪಿಡೆನ್ಸ್ ಮತ್ತೆ ಅಳೆದು, ಬಿಲ್ಲೆಯ ಸ್ವಂತ ಅಡ್ಡಿಯೇ ಕಡಿಮೆಯಾಗಿದ್ದರೆ ಒಳಗೆ ಲೋಹದ ಎಳೆ ಓಡಿದೆ ಎಂದೇ ಅರ್ಥ. ಒಡೆದು ನೋಡಿದರೆ ಕಪ್ಪು ಗೆರೆ ಕಾಣುತ್ತದೆ.

ಲಿಥಿಯಂಗಿಂತ ಹತ್ತಾರು ಪಟ್ಟು ಗಡುಸಾದ ಸೆರಾಮಿಕ್ ಅನ್ನು ಅದು ತೂರುವುದಾದರೂ ಹೇಗೆ? ಇಡೀ ಗೋಡೆಯನ್ನು ಅದು ತೂರುವುದಿಲ್ಲ, ಬಿರುಕು ಹುಡುಕುತ್ತದೆ. ಉಜ್ಜುವಾಗ ಆದ ಗೀರು, ಕಣಗಳ ನಡುವಿನ ಸಂದು, ಉಳಿದ ಶೇ 7 ರಂಧ್ರ ಇವೇ ದಾರಿ. ಡಿಸ್‌ಚಾರ್ಜ್ ಆಗುವಾಗ ಲಿಥಿಯಂ ಬೇಗ ಬೇಗ ಹೊರಟರೆ ಅಂಚಿನಲ್ಲಿ ಪೊಳ್ಳು ಉಳಿಯುತ್ತದೆ. ಮುಂದಿನ ಚಾರ್ಜಿನಲ್ಲಿ ಕರೆಂಟೆಲ್ಲ ಅಂಟಿಕೊಂಡಿರುವ ಕೆಲವೇ ಜಾಗಗಳಿಗೆ ನುಗ್ಗುತ್ತದೆ, ಬಿರುಕು ಅಲ್ಲಿಂದಲೇ ಶುರು. ಒತ್ತಡದ ತಟ್ಟೆ ಬೇಕಾಗುವುದು ಇದಕ್ಕೇ.

ಸುರಕ್ಷತೆಯ ಮಾತಿಗೆ ಬಂದರೆ, ಬಿಸಿ ತಟ್ಟೆಯ ಮೇಲೆ ಪಾಲಿಥೀನ್ ಸೆಪರೇಟರ್ ಚೂರನ್ನೂ ಬಿಲ್ಲೆಯನ್ನೂ ಪಕ್ಕಪಕ್ಕ ಇಟ್ಟು 150 ಡಿಗ್ರಿಗೆ ಏರಿಸಿ ನೋಡಿದರೆ ಸಾಕು. ಸೆಪರೇಟರ್ 130 ದಾಟುವಾಗ ಸುರುಟಿ ಮುದ್ದೆಯಾಗುತ್ತದೆ. 1,150 ಡಿಗ್ರಿ ಕಂಡ ಬಿಲ್ಲೆಗೆ ಏನೂ ಆಗುವುದಿಲ್ಲ. ದ್ರವ ಸೆಲ್ ಹೊತ್ತಿಕೊಳ್ಳುವ ಸರಪಳಿಯಲ್ಲಿ ಈ ಸುರುಟುವಿಕೆ ನಡುವಿನ ಕೊಂಡಿ. ನೂರು ಡಿಗ್ರಿ ಆಸುಪಾಸಿನಲ್ಲಿ ಗ್ರಾಫೈಟ್ ಮೇಲಿನ ರಕ್ಷಣಾ ಪದರ ವಿಘಟನೆಯಾಗಿ ಶಾಖ ಬಿಡುತ್ತದೆ, ಆಮೇಲೆ ಸೆಪರೇಟರ್ ಸುರುಟಿ ಒಳಗೇ ಶಾರ್ಟ್ ಆಗುತ್ತದೆ, ಇನ್ನೂರು ದಾಟಿದರೆ ಕ್ಯಾಥೋಡ್ ಆಮ್ಲಜನಕ ಬಿಡುತ್ತದೆ, ಆವಿಯಾದ ದ್ರವ ಅದರ ಜೊತೆ ಉರಿಯುತ್ತದೆ. ದ್ರವದಲ್ಲಿರುವ ಡೈಮಿಥೈಲ್ ಕಾರ್ಬೊನೇಟ್ 17 ಡಿಗ್ರಿಯಲ್ಲೇ ಕಿಡಿ ಹಿಡಿಯುವಷ್ಟು ಆವಿ ಕೊಡುತ್ತದೆ. ನಮ್ಮೂರಲ್ಲಿ ಮಧ್ಯಾಹ್ನ ಅಷ್ಟು ತಂಪು ಸಿಗುವುದೇ ಅಪರೂಪ. ಘನ ಸೆಲ್‌ನಲ್ಲಿ ಆ ಆವಿಯೂ ಇಲ್ಲ, ಸುರುಟುವ ಹಾಳೆಯೂ ಇಲ್ಲ.

ಆದರೂ ಬೆಂಕಿಯೇ ಬರದು ಎನ್ನುವಂತಿಲ್ಲ. ಲಿಥಿಯಂ 180.5 ಡಿಗ್ರಿಗೆ ಕರಗುತ್ತದೆ. ಬಿಲ್ಲೆ ಗಟ್ಟಿಯಿರುವ ತನಕ ಕ್ಯಾಥೋಡಿನ ಆಮ್ಲಜನಕ ಆಚೆ ಬದಿಗೆ ಹೋಗದು. ಬಿರುಕು ಬಿಟ್ಟರೆ ಕರಗಿದ ಲಿಥಿಯಂ ಮತ್ತು ಆಮ್ಲಜನಕ ಮುಖಾಮುಖಿಯಾಗುತ್ತವೆ. ಶಾರ್ಟ್ ಆದಾಗ ಹೊರಬರುವ ಶಾಖವೂ ಒಳಗೆ ತುಂಬಿಟ್ಟ ಶಕ್ತಿಯಷ್ಟೇ ಇರುತ್ತದೆ. ಅದೇ ಶಕ್ತಿ ಹಗುರವಾದ ಸೆಲ್‌ನಲ್ಲಿದ್ದರೆ ಉಷ್ಣಾಂಶ ಇನ್ನೂ ಮೇಲೇರುತ್ತದೆ. ಆದ್ದರಿಂದ ಶಾರ್ಟ್ ಪರೀಕ್ಷೆಯಲ್ಲಿ ಕೆಟ್ಟ ಬಿಲ್ಲೆಗಳನ್ನು ನಾವು ಒಡೆಯುವುದು ಗ್ಲೋವ್ ಬಾಕ್ಸ್ ಒಳಗೇ. ಹೊರಗೆ ತಂದರೆ ಅಂಚಿನ ಲಿಥಿಯಂ ಗಾಳಿಯ ತೇವಕ್ಕೆ ಕ್ಷಣದಲ್ಲಿ ಕಪ್ಪಾಗಲು ಶುರುವಾಗುತ್ತದೆ, ಶಾರ್ಟಿನ ಕಪ್ಪು ಗೆರೆ ಯಾವುದು, ಈ ಕಪ್ಪು ಯಾವುದು ಎಂದು ಗುರುತು ಸಿಗುವುದಿಲ್ಲ.