ಎಚ್‌ಓಡಿ ಮೀಟಿಂಗ್ ಮಿನಿಟ್ಸ್: ಒಂದು ಸಾಲಿಗೆ ಒಂದೇ ಹೆಸರು

ನಮ್ಮದು ಮೈಸೂರಿನಲ್ಲಿ ಸುಮಾರು 70 ರೂಮಿನ ಹೋಟೆಲ್. ಮಂಗಳವಾರ ಬೆಳಿಗ್ಗೆ 11ಕ್ಕೆ ಎಚ್‌ಓಡಿ ಮೀಟಿಂಗ್, ಅಂದರೆ ಎಲ್ಲ ಡಿಪಾರ್ಟ್‌ಮೆಂಟ್ ಮುಖ್ಯಸ್ಥರ ಮೀಟಿಂಗ್. ಫ್ರಂಟ್ ಆಫೀಸ್ ಜೊತೆಗೆ ಮಿನಿಟ್ಸ್ ಬರೆಯುವ ಕೆಲಸವೂ ನನ್ನದೇ, ನಾಲ್ಕು ವರ್ಷದಿಂದ. ಮೊದಲ ಎರಡು ವರ್ಷ ಅದನ್ನು ಯಾರೂ ಓದಲಿಲ್ಲ. ಈಗ ಮೀಟಿಂಗ್ ಮುಗಿದು ಒಂದು ಗಂಟೆಯೊಳಗೆ ಬರದಿದ್ದರೆ ಶೆಫ್ ಫೋನ್ ಮಾಡಿ ಕೇಳುತ್ತಾರೆ. "ಇದೆಲ್ಲ ನಮ್ಮಲ್ಲಿ ನಡೆಯಲ್ಲ ಸಾರ್" ಎಂದು ಮೊದಲು ಹೇಳಿದವರೂ ಅವರೇ.

ಶುರುವಿನಲ್ಲಿ ಯಾರು ಏನಂದರು ಎಂದು ಐದು ಪುಟ ಬರೆಯುತ್ತಿದ್ದೆ. ಆಮೇಲೆ ಫೋನಿನಲ್ಲಿ ರೆಕಾರ್ಡ್ ಮಾಡಿ ಟೈಪ್ ಮಾಡಿದೆ. ಒಂದು ಗಂಟೆಯ ಮಾತಿಗೆ ನಾಲ್ಕು ಗಂಟೆ ಹಿಡಿಯಿತು, ಎರಡೇ ವಾರಕ್ಕೆ ಬಿಟ್ಟೆ. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಎಲ್ಲರೂ ಓಕೆ ಎಂದರು, ಕೆಲಸ ಮಾತ್ರ ಆಗಲಿಲ್ಲ.

ಕಣ್ಣು ತೆರೆಸಿದ್ದು ಮೂರನೇ ಮಹಡಿಯ ಬಿಸಿನೀರು. ಕೊನೆಯ ಏಳು ರೂಮುಗಳಲ್ಲಿ ಬೆಳಿಗ್ಗೆ ಹತ್ತು ನಿಮಿಷ ನಲ್ಲಿ ಬಿಟ್ಟರೂ ತಣ್ಣೀರೇ. ಮಿನಿಟ್ಸಿನಲ್ಲಿ ಆರು ವಾರ ಒಂದೇ ಸಾಲು ಇತ್ತು: "ಇಂಜಿನಿಯರಿಂಗ್ ಮತ್ತು ಹೌಸ್‌ಕೀಪಿಂಗ್ ಪರಿಶೀಲಿಸಬೇಕು, ಆದಷ್ಟು ಬೇಗ." ಇಂಜಿನಿಯರಿಂಗ್‌ನವರು ಟ್ಯಾಂಕ್ ನೋಡಿ 60 ಡಿಗ್ರಿ ಇದೆ, ಸರಿ ಇದೆ ಎನ್ನುತ್ತಿದ್ದರು. ಅದೂ ನಿಜವೇ. ಹೌಸ್‌ಕೀಪಿಂಗ್ ಮೇಡಂ ತಣ್ಣಗಿದೆ ಎನ್ನುತ್ತಿದ್ದರು. ಅದೂ ನಿಜ. ಈ ನಡುವೆ ನಾನು ಗೆಸ್ಟ್‌ಗಳಿಗೆ ರೂಮ್ ಬದಲಿಸಿ, ಬಿಲ್ಲಿನಲ್ಲಿ ಕಡಿಮೆ ಮಾಡಿ, ಹತ್ತಿರ ಹತ್ತಿರ 40 ಸಾವಿರ ರೂಪಾಯಿ ಬಿಟ್ಟುಕೊಟ್ಟಿದ್ದೆ.

ಏಳನೇ ವಾರ ಆ ಸಾಲನ್ನು ಹೀಗೆ ಬರೆದೆ: "312ರಿಂದ 318: ಬೆಳಿಗ್ಗೆ 6:30ಕ್ಕೆ ಶವರ್ ತೆರೆದ ಒಂದು ನಿಮಿಷದಲ್ಲಿ ಬಿಸಿನೀರು ಬರಬೇಕು. ಹೊಣೆ: ಚೀಫ್ ಇಂಜಿನಿಯರ್. ಗುರುವಾರ 6:30. ಅಳೆದು ಸಹಿ ಮಾಡುವವರು: ಫ್ಲೋರ್ ಸೂಪರ್‌ವೈಸರ್." ಕೆಲಸ ಮಾಡುವವರು ಒಬ್ಬರು, ಆಯಿತು ಎನ್ನುವವರು ಇನ್ನೊಬ್ಬರು. ಇದೇ ಮುಖ್ಯ.

ಬುಧವಾರವೇ ವಿಷಯ ಹೊರಬಿತ್ತು. ಬಿಸಿನೀರನ್ನು ಪೈಪಿನಿಂದ ಟ್ಯಾಂಕಿಗೆ ಮರಳಿಸಿ ಸುತ್ತಿಸುವ ರಿಟರ್ನ್ ಲೈನ್ ಪಂಪ್ ನಿಂತಿತ್ತು. ನೀರು ಪೈಪಿನಲ್ಲೇ ನಿಂತು ರಾತ್ರಿಯಿಡೀ ಆರುತ್ತಿತ್ತು. ಬೇಕಾಗಿದ್ದು ಒಂದು ಮೆಕ್ಯಾನಿಕಲ್ ಸೀಲ್, ಮೂರು ಸಾವಿರದೊಳಗೆ. ಅದನ್ನು ತರಿಸಿಕೊಡಿ ಎಂದು ಬರೆದ ಇಂಡೆಂಟ್ ಮೂರು ಕೊಟೇಶನ್ ಇಲ್ಲವೆಂದು ಪರ್ಚೇಸ್‌ನಲ್ಲಿ ಕೂತು ತಿಂಗಳಾಗಿತ್ತು. ತಕ್ಷಣ ಸಾಲನ್ನು ಎರಡು ಮಾಡಿದೆ. ಸೀಲ್ ತರಿಸುವುದು ಪರ್ಚೇಸ್ ಮ್ಯಾನೇಜರ್, ಗುರುವಾರ ಸಂಜೆ 5. ಹಾಕುವುದು ಚೀಫ್ ಇಂಜಿನಿಯರ್, ಶುಕ್ರವಾರ. ಶನಿವಾರ ಬೆಳಿಗ್ಗೆ ಸೂಪರ್‌ವೈಸರ್ ಏಳೂ ರೂಮಿನ ಶವರ್ ಬಿಟ್ಟು ನೋಡಿ ಸಹಿ ಮಾಡಿದರು. 318ರಲ್ಲಿ 40 ಸೆಕೆಂಡ್ ಬೇಕಾಯಿತು.

ಅಂದಿನಿಂದ ಕೆಲಸ ಯಾರ ಟೇಬಲ್ ಮೇಲೆ ನಿಂತಿದೆಯೋ ಅವರ ಹೆಸರೇ ಬರೆಯುತ್ತೇನೆ, ಡಿಪಾರ್ಟ್‌ಮೆಂಟ್ ಹೆಸರಲ್ಲ. ತಾರೀಖು ಹಾಕುವ ಮೊದಲು ಡ್ಯೂಟಿ ರೋಸ್ಟರ್ ತೆರೆದುಕೊಳ್ಳುತ್ತೇನೆ. ಎಷ್ಟೋ ಗಡುವುಗಳು ಆ ವ್ಯಕ್ತಿಯ ವೀಕ್ಲಿ ಆಫ್ ದಿನಕ್ಕೇ ಬಿದ್ದು ತಪ್ಪುತ್ತಿದ್ದವು. ಮೀಟಿಂಗ್ ಶುರುವಾಗುವುದೂ ಹಳೆಯ ಸಾಲುಗಳಿಂದಲೇ. ಮೊದಲು ಅವನ್ನು ಕೊನೆಗೆ ಇಡುತ್ತಿದ್ದೆವು. ಅಷ್ಟರಲ್ಲಿ ಊಟದ ಹೊತ್ತಾಗಿ ಎಲ್ಲರೂ ಎದ್ದು ಹೋಗುತ್ತಿದ್ದರು.

ಎರಡು ಸಲ ಮುಂದೆ ಹೋದ ಸಾಲು ಮೂರನೇ ವಾರ ಜಿಎಂ ಹೆಸರಿಗೆ ಹೋಗುತ್ತದೆ, "ಹಣ ಬೇಕು" ಅಥವಾ "ಜನ ಬೇಕು" ಎಂಬ ಎರಡೇ ಪದದ ಕಾರಣದ ಜೊತೆ. ಜಿಎಂ ಸಾರ್‌ಗೆ ಮೊದಲು ಇದು ಹಿಡಿಸಲಿಲ್ಲ. ಆ 40 ಸಾವಿರದ ಲೆಕ್ಕ ತೋರಿಸಿದ ಮೇಲೆ ಒಪ್ಪಿದರು. ಐದು ಸಾವಿರದೊಳಗಿನ ತುರ್ತು ಬಿಡಿಭಾಗಕ್ಕೆ ಒಂದೇ ಕೊಟೇಶನ್ ಸಾಕು ಎಂದೂ ಅವತ್ತೇ ಬರೆಸಿದರು.

ಶೆಫ್ ಬಾಯಿಂದಲೇ ತಾರೀಖು ಹೇಳಿಸುವುದಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಅವರೂ ಇದನ್ನು ಓದುತ್ತಾರೆ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಲಾಂಡ್ರಿ ಮತ್ತು ಪಾತ್ರೆ ತೊಳೆಯುವ ಸ್ಟೀವರ್ಡಿಂಗ್ ವಿಭಾಗದ ಸೂಪರ್‌ವೈಸರ್‌ಗಳ ಸಾಲುಗಳನ್ನಷ್ಟೇ ಕನ್ನಡದಲ್ಲಿ ಬರೆದು ಲಿನನ್ ರೂಮಿನ ಬಾಗಿಲಿಗೆ ಅಂಟಿಸಿದೆ. ಇಂಗ್ಲಿಷ್ ಮಿನಿಟ್ಸ್ ಅವರ ತನಕ ಇಳಿಯುತ್ತಲೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ಟವೆಲ್ ಮೂರು ಪಾರ್, ಅಂದರೆ ಎಲ್ಲ ರೂಮಿಗೂ ಮೂರು ಸೆಟ್ ಇರಬೇಕಾದಲ್ಲಿ ಎರಡೂ ಚಿಲ್ಲರೆ ಇದೆ ಎಂದು ಹುಡುಗರೇ ಎಣಿಸಿ ಹೇಳಿದರು.

ಲಿಫ್ಟ್ ಬದಲಿಸುವುದು, ಪೇಂಟಿಂಗ್, ಇಂಥ ದೊಡ್ಡ ಕೆಲಸಕ್ಕೆ ಇದು ಹೊಂದಲ್ಲ. ಅವು ವಾರವಾರ ಸುಮ್ನೆ ಮುಂದೆ ಹೋಗಿ ಪಟ್ಟಿಯನ್ನೇ ಕೆಡಿಸುತ್ತವೆ. ಅವನ್ನು ಬೇರೆ ಹಾಳೆಗೆ ಹಾಕಿ ತಿಂಗಳಿಗೊಮ್ಮೆ ನೋಡುತ್ತೇವೆ. ವಾರದ ಹಾಳೆಯಲ್ಲಿ ಮೊದಲು 40ರ ಮೇಲೆ ಸಾಲುಗಳು ತೆರೆದೇ ಇರುತ್ತಿದ್ದವು. ಕಳೆದ ಮಂಗಳವಾರ ಒಂಬತ್ತು ಇದ್ದವು.