24 ಶೇಕಡಾ ಹೋಳು 28ಕ್ಕಿಂತ ದೊಡ್ಡದಾಗಿ ಕಂಡಿದ್ದು ಹೇಗೆ: ತ್ರೀಡಿ ಪೈ ಚಾರ್ಟ್ ಅಳೆದು ನೋಡಿದ ಅನುಭವ

ಗ್ರಾಹಕರ ದೂರುಗಳ ತಿಂಗಳ ವರದಿ ಮಾಡೋದು ಆಗ ನನ್ನ ಕೆಲಸವಾಗಿತ್ತು. ಐದು ಬಗೆಯ ದೂರುಗಳಿದ್ದವು: ಇತರೆ 10 ಶೇಕಡಾ, ತಡವಾದ ಡೆಲಿವರಿ 28, ಬಿಲ್ ತಪ್ಪು 24, ಸರಕಿನ ದೋಷ 20, ಫೋನ್ ಎತ್ತದಿರುವುದು 18. ಚೆನ್ನಾಗಿ ಕಾಣಲಿ ಅಂತ ಎಕ್ಸೆಲ್‌ನಲ್ಲಿ ತ್ರೀಡಿ ಪೈ ಹಾಕಿದೆ. ಮೀಟಿಂಗ್‌ನಲ್ಲಿ ಎಲ್ಲರೂ ಬಿಲ್ ತಪ್ಪಿನ ಬಗ್ಗೆಯೇ ಮಾತಾಡಿದರು. ಅದೇ ದೊಡ್ಡ ಸಮಸ್ಯೆ ಅಂತ ಅದಕ್ಕೆ ಇಬ್ಬರನ್ನು ಹಾಕೋಣ ಅಂತಲೂ ತೀರ್ಮಾನವಾಯಿತು. ಹೋಳುಗಳ ಮೇಲೆ ಶೇಕಡಾ ಸಂಖ್ಯೆ ಬರೆದೇ ಇತ್ತು. ಯಾರೂ ಓದಲಿಲ್ಲ, ಕಣ್ಣು ಮೊದಲೇ ತೀರ್ಪು ಕೊಟ್ಟಾಗಿತ್ತು.

ಅವತ್ತು ಸಂಜೆ ಆ ಚಾರ್ಟ್‌ನ ಪ್ರಿಂಟ್ ತೆಗೆದು ಸ್ಕೇಲು, ಕೋನಮಾಪಕ ಹಿಡಿದು ಕೂತೆ. ಸೆಟ್ಟಿಂಗ್‌ನಲ್ಲಿ `Y Rotation` 30 ಡಿಗ್ರಿ ಇತ್ತು. ಹತ್ತಿರದ್ದು ದೊಡ್ಡದು, ದೂರದ್ದು ಸಣ್ಣದು ಅನ್ನೋ ಪರಿಣಾಮ ಬೇರೆ ಸೇರಿ ಲೆಕ್ಕ ಕೆಡದಿರಲಿ ಅಂತ `Perspective` ಆದಷ್ಟು ಕಡಿಮೆ ಮಾಡಿಕೊಂಡಿದ್ದೆ. ಪೈನ ಮೇಲ್ಮೈ ಅಗಲ 10 ಸೆಂ.ಮೀ., ಎತ್ತರ 5 ಸೆಂ.ಮೀ. ಅಂದರೆ ವೃತ್ತ ಮೇಲಿಂದ ಕೆಳಕ್ಕೆ ಅರ್ಧಕ್ಕೆ ಚಪ್ಪಟೆಯಾಗಿದೆ, ಅಡ್ಡಕ್ಕೆ ಹಾಗೇ ಇದೆ. ಎಲ್ಲ ಎಡವಟ್ಟೂ ಇಲ್ಲಿಂದಲೇ ಶುರು.

ಮೊದಲು ಕೋನ ಅಳೆದೆ. ಬಿಲ್ ತಪ್ಪಿನ ಹೋಳು ಸರಿಯಾಗಿ ಮುಂಭಾಗದಲ್ಲಿ, ನಮ್ಮ ಕಡೆಗೆ ಮುಖ ಮಾಡಿ ಕೂತಿತ್ತು. 24 ಶೇಕಡಾ ಅಂದರೆ ಸುಮಾರು 86 ಡಿಗ್ರಿ ಇರಬೇಕು, ಕಾಗದದ ಮೇಲೆ ಸಿಕ್ಕಿದ್ದು 124. ತಡವಾದ ಡೆಲಿವರಿ ಬಲಗಡೆ ಪಕ್ಕದಲ್ಲಿತ್ತು. ಅದಕ್ಕೆ 101 ಡಿಗ್ರಿ ಸಿಗಬೇಕಿತ್ತು, ಸಿಕ್ಕಿದ್ದು 63 ಅಷ್ಟೇ! ಚಪ್ಪಟೆ ಮಾಡಿದಾಗ ಹಿಂದೆ ಮುಂದೆ ಇರುವ ಹೋಳುಗಳು ಅಗಲಕ್ಕೆ ಬಾಯಿ ತೆರೆಯುತ್ತವೆ, ಎಡ ಬಲದವು ಮುಚ್ಚಿಕೊಳ್ಳುತ್ತವೆ. ಪೈ ನೋಡುವಾಗ ನಾವು ಮಧ್ಯದ ಕೋನವನ್ನೂ ನೋಡ್ತೀವಲ್ವಾ, ಆ ಕೋನವೇ ಸುಳ್ಳಾದರೆ ಇನ್ನೇನು ಉಳಿಯಿತು?

ವಿಸ್ತೀರ್ಣ ನೋಡಿದಾಗ ಮಾತ್ರ ನನಗೆ ಆಶ್ಚರ್ಯ ಕಾದಿತ್ತು. ಮೇಲ್ಮೈಯನ್ನಷ್ಟೇ ತಗೊಂಡರೆ ಬಿಲ್ ತಪ್ಪು 9.4 ಚದರ ಸೆಂ.ಮೀ., ಡೆಲಿವರಿ 11. ಅನುಪಾತ ಸರಿಯಾಗೇ ಇದೆ. ಎಲ್ಲ ಹೋಳೂ ಒಂದೇ ಪ್ರಮಾಣದಲ್ಲಿ ಕುಗ್ಗಿರುವುದರಿಂದ ಅದು ಕೆಡೋದಿಲ್ಲ (`Perspective` ಜಾಸ್ತಿ ಇಟ್ಟರೆ ಇದೂ ಕೆಡುತ್ತದೆ). ಆದರೆ ತ್ರೀಡಿ ಪೈಗೆ ದಪ್ಪ ಇರುತ್ತದೆ, ಆ ದಪ್ಪದ ಗೋಡೆ ಮುಂದಿನ ಅರ್ಧದಲ್ಲಿ ಮಾತ್ರ ಕಾಣುತ್ತದೆ, ಅದಕ್ಕೆ ಹೋಳಿನದೇ ಬಣ್ಣ ಬಳಿದಿರುತ್ತದೆ. ನನ್ನ ಚಾರ್ಟ್‌ನಲ್ಲಿ ಗೋಡೆ 1.5 ಸೆಂ.ಮೀ. ಎತ್ತರ ಇತ್ತು. ಬಿಲ್ ತಪ್ಪಿನ ಮುಂದೆ 10.3 ಚದರ ಸೆಂ.ಮೀ. ಗೋಡೆ, ಅಂದರೆ ಅದರ ಮೇಲ್ಮೈಗಿಂತಲೂ ಜಾಸ್ತಿ. ಡೆಲಿವರಿಗೆ ಸಿಕ್ಕಿದ್ದು 2.4. ಒಟ್ಟು ಬಣ್ಣ ಕೂಡಿಸಿದರೆ ಚಿಕ್ಕ ಹೋಳಿಗೆ 19.7, ದೊಡ್ಡದಕ್ಕೆ 13.4. ಮೀಟಿಂಗ್‌ನಲ್ಲಿ ಕೂತವರ ತಪ್ಪೇನೂ ಇರಲಿಲ್ಲ, ಅವರ ಕಣ್ಣಿಗೆ ನಾನು ಕೊಟ್ಟಿದ್ದೇ ಅದು.

ಆಮೇಲೆ ಅದೇ ಚಾರ್ಟ್‌ನ `X Rotation` 180 ಮಾಡಿ ತಿರುಗಿಸಿದೆ. ಬಿಲ್ ತಪ್ಪು ಹಿಂದಕ್ಕೆ ಹೋಯಿತು, ಗೋಡೆ ಪೂರ್ತಿ ಮರೆಯಾಯಿತು, 19.7 ಇದ್ದದ್ದು 9.4ಕ್ಕೆ ಇಳಿಯಿತು. ಡೆಲಿವರಿ ಈಗ 14.1. ಡೇಟಾದಲ್ಲಿ ಒಂದು ಅಂಕಿಯೂ ಬದಲಾಗಿಲ್ಲ, ಸುಮ್ನೆ ತಿರುಗಿಸಿದ್ದಕ್ಕೇ ದೊಡ್ಡದು ಯಾವುದು ಅನ್ನೋ ಅನಿಸಿಕೆ ತಲೆಕೆಳಗಾಯಿತು. ಗಮನಿಸಿ, ಬಿಲ್ ತಪ್ಪಿನ ಕೋನ ಮಾತ್ರ ಹಿಂದೆ ಹೋದರೂ 124 ಡಿಗ್ರಿಯೇ ಇತ್ತು. ಅಂದರೆ ದೊಡ್ಡ ಹೋಳನ್ನು ಮುಂದೆ ತಂದು ಕೂರಿಸಿದರೆ ಸರಿಹೋಗುತ್ತದೆ ಅನ್ನೋ ಉಪಾಯವೂ ನಡೆಯೋದಿಲ್ಲ. ಗೋಡೆಯ ಮೋಸ ಒಂದು ದಿಕ್ಕಿನದು, ಕೋನದ ಮೋಸ ಇನ್ನೊಂದು. ಹೇಗೆ ತಿರುಗಿಸಿದರೂ ಎಲ್ಲ ಹೋಳುಗಳಿಗೂ ಎರಡನ್ನೂ ಒಟ್ಟಿಗೆ ತಪ್ಪಿಸೋಕೆ ಆಗೋದಿಲ್ಲ.

ನಿಮ್ಮ ಕೈಗೆ ಯಾರಾದರೂ ತ್ರೀಡಿ ಪೈ ಕೊಟ್ಟರೆ ಇದೇ ಪರೀಕ್ಷೆ ಮಾಡಿ, ಫೈಲ್ ಇದ್ದರೆ ಒಂದು ನಿಮಿಷದ ಕೆಲಸ. ಬರೀ ಚಿತ್ರ ಸಿಕ್ಕಿದ್ದರೆ ಅಗಲ, ಎತ್ತರ ಅಳೆಯಿರಿ. ಗೋಡೆ ಬಿಟ್ಟು ಮೇಲ್ಮೈಯನ್ನಷ್ಟೇ ಅಳೆಯಬೇಕು. ಎತ್ತರ ಅಗಲಕ್ಕಿಂತ ಎಷ್ಟು ಕಡಿಮೆಯೋ ಕೋನಗಳು ಅಷ್ಟು ಕೆಟ್ಟಿವೆ ಅಂತ ಅರ್ಥ.

ಮಾರನೆಯ ದಿನ ಅದೇ ಐದು ಅಂಕಿಗಳನ್ನು ಅಡ್ಡ ಬಾರ್ ಚಾರ್ಟ್‌ನಲ್ಲಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಸೊನ್ನೆಯಿಂದ ಶುರುಮಾಡಿ ಹಾಕಿ ಎಲ್ಲರಿಗೂ ಮತ್ತೆ ಕಳಿಸಿದೆ. ಹಿಂದಿನ ಚಿತ್ರದಲ್ಲಿ ಏನು ತಪ್ಪಾಗಿತ್ತು ಅಂತಲೂ ಎರಡು ಸಾಲು ಬರೆದೆ. ಆ ಇಬ್ಬರನ್ನು ಡೆಲಿವರಿ ಕೆಲಸಕ್ಕೆ ಹಾಕಿದರು.